ಮಗುವಿನ ಹೊಟ್ಟೆಯ ಜಿಯಾರ್ಡಿಯಾ: ಔಷಧಿ ಮುಗಿದ ಮೇಲೆ ಮನೆಯಲ್ಲಿ ಉಳಿಯುವ ಕೆಲಸ

ಟಿನಿಡಜೋಲ್ ಕೊಟ್ಟ ನಾಲ್ಕನೇ ದಿನಕ್ಕೆ ಭೇದಿ ನಿಂತಿತು, ಹೊಟ್ಟೆ ಉಬ್ಬರ ಇಳಿಯಿತು, ಮಗು ಕೇಳಿ ಕೇಳಿ ಊಟ ಮಾಡತೊಡಗಿತು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ದುರ್ವಾಸನೆ, ಅದೇ ಜಿಡ್ಡು ಮಲ ಮತ್ತೆ ಶುರು. ತಾಯಿ ಬಂದು, “ಔಷಧಿ ನಾಟಲೇ ಇಲ್ಲ ಡಾಕ್ಟ್ರೇ, ಇದಕ್ಕಿಂತ ಸ್ಟ್ರಾಂಗ್ ಆಗಿರೋದು ಬರ್ಕೊಡಿ” ಅನ್ನುತ್ತಾರೆ. ಮಕ್ಕಳ ವೈದ್ಯರ ಬಳಿ ಈ ಮಾತು ಆಗಾಗ ಬರುತ್ತದೆ. ಹಲವು ಸಲ ಔಷಧಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಮಗುವಿನ ಕರುಳಿನಿಂದ ಹೋದ ಜೀವಿ ಮನೆಯ ಬಚ್ಚಲು, ಬಕೆಟ್ಟು, ತಮ್ಮನ ಚಡ್ಡಿ, ಅಜ್ಜಿಯ ಉಗುರಿನ ಸಂದಿಯಲ್ಲಿ ಉಳಿದುಕೊಂಡು ಮತ್ತೆ ಮಗುವಿನ ಬಾಯಿಗೆ ಬಂದಿರುತ್ತದೆ. ಹಾಗಾಗಿ ಜಿಯಾರ್ಡಿಯಾ ಚಿಕಿತ್ಸೆಯಲ್ಲಿ ಮಾತ್ರೆಯ ಲೆಕ್ಕ ಅರ್ಧ ಭಾಗ. ಉಳಿದರ್ಧ ಮನೆಯೊಳಗಿನ ಕೆಲಸ, ಅದನ್ನು ಚೀಟಿಯಲ್ಲಿ ಯಾರೂ ಬರೆದುಕೊಡುವುದಿಲ್ಲ.

ಜಿಯಾರ್ಡಿಯಾ ಹುಳುವಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಅದು ಒಂದೇ ಜೀವಕೋಶದ ಪರಾವಲಂಬಿ. 1681ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನದೇ ಮಲವನ್ನು ತಾನೇ ಮಾಡಿಕೊಂಡ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಕಂಡ ಪುಟ್ಟ ಪ್ರಾಣಿ ಇದೇ ಎನ್ನುತ್ತಾರೆ. ಇದಕ್ಕೆ ಎರಡು ರೂಪಗಳಿವೆ. ಮುಂದಿನದೆಲ್ಲ ಅರ್ಥವಾಗಬೇಕಾದರೆ ಈ ಎರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು. ಒಂದು, ಕರುಳಿನಲ್ಲಿ ಬದುಕುವ ಸಕ್ರಿಯ ರೂಪ. ಅದರ ಹೊಟ್ಟೆಯ ಭಾಗದಲ್ಲಿ ಒಂದು ಅಂಟುತಟ್ಟೆ ಇರುತ್ತದೆ. ಅದರಿಂದ ಸಣ್ಣ ಕರುಳಿನ ಮೇಲ್ಭಾಗದ ಗೋಡೆಗೆ ಕಚ್ಚಿಕೊಂಡು ಅಲ್ಲೇ ಎರಡಾಗಿ, ನಾಲ್ಕಾಗಿ ಹೆಚ್ಚುತ್ತದೆ. ಆ ಗೋಡೆ ಕೊಬ್ಬು ಮತ್ತು ಹಾಲಿನ ಸಕ್ಕರೆಯನ್ನು ಹೀರಿಕೊಳ್ಳುವ ಜಾಗ. ಅಲ್ಲಿ ಕೆಲಸ ಕೆಟ್ಟರೆ ಜಿಡ್ಡು ಮಲ, ಗ್ಯಾಸು, ಹಾಲು ಒಗ್ಗದಿರುವುದು ಎಲ್ಲವೂ ಹಿಂದೆಯೇ ಬರುತ್ತವೆ. ಇನ್ನೊಂದು, ಮಲದಲ್ಲಿ ಹೊರಬೀಳುವ ಸಿಸ್ಟ್. ಇದು ಗಟ್ಟಿ ಕವಚ ಹೊದ್ದುಕೊಂಡು ಕಾಯುವ ರೂಪ. ಗಾತ್ರ ಸುಮಾರು ಮಿಲಿಮೀಟರಿನ ನೂರನೇ ಒಂದು ಪಾಲು. ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಹೊರಬಿದ್ದ ಕೂಡಲೇ ಮತ್ತೊಬ್ಬರಿಗೆ ಅಂಟುವುದಕ್ಕೆ ತಯಾರಾಗಿರುತ್ತದೆ. 1954ರಲ್ಲಿ ಅಮೆರಿಕದಲ್ಲಿ ಸ್ವಯಂಸೇವಕರ ಮೇಲೆ ನಡೆದ ಪ್ರಯೋಗದಲ್ಲಿ ಹತ್ತು ಸಿಸ್ಟ್ ಹೊಟ್ಟೆಗೆ ಹೋದರೂ ಸೋಂಕು ತಗುಲುತ್ತದೆ ಎಂದು ಗೊತ್ತಾಯಿತು. ರೋಗಿಯ ಮಲದಲ್ಲಿ ಕೋಟಿಗಟ್ಟಲೆ ಸಿಸ್ಟ್ ಇರಬಹುದು.

ಟಿನಿಡಜೋಲ್ ಆಗಲಿ ಮೆಟ್ರೊನಿಡಜೋಲ್ ಆಗಲಿ ಪೆಟ್ಟು ಕೊಡುವುದು ಮುಖ್ಯವಾಗಿ ಮೊದಲನೆಯ ರೂಪಕ್ಕೆ. ಹೊರಗೆ ಬಿದ್ದಿರುವ ಸಿಸ್ಟ್‌ಗೂ ಮಗು ನುಂಗಿದ ಮಾತ್ರೆಗೂ ಸಂಬಂಧವೇ ಇಲ್ಲ.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅಪ್ಪ, ಅಮ್ಮ, ಅಜ್ಜಿ, ಆರು ವರ್ಷದ ಮಗಳು, ಎರಡು ವರ್ಷ ತುಂಬದ ಮಗ. ಮಗಳ ತೂಕ 20 ಕೆ.ಜಿ., ಮಗನದು 10 ಕೆ.ಜಿ. ಮಗಳಿಗೆ ಎರಡು ವಾರದಿಂದ ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗಿನ, ಮಾಸಲು ಹಳದಿ ಮಲ. ನೀರು ಹುಯ್ದರೂ ತೇಲುತ್ತದೆ, ಕಕ್ಕಸಿನ ಬಿಳಿ ಕಲ್ಲಿಗೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ, ವಾಸನೆ ತಡೆಯಲಾಗದು. ಹೊಟ್ಟೆ ಉಬ್ಬಿ ತಮಟೆಯಂತಾಗಿದೆ. ಕೊಳೆತ ಮೊಟ್ಟೆಯ ವಾಸನೆಯ ತೇಗು ಬರುತ್ತದೆ. ಜ್ವರ ಇಲ್ಲ, ಮಲದಲ್ಲಿ ರಕ್ತ ಇಲ್ಲ. ಇಲ್ಲದಿರುವ ಈ ಎರಡು ಲಕ್ಷಣಗಳೂ ಗುರುತಿಗೆ ಅಷ್ಟೇ ಬೇಕಾದವು. ಜಿಯಾರ್ಡಿಯಾ ಕರುಳಿನ ಗೋಡೆಯನ್ನು ಕೊರೆದು ಒಳನುಗ್ಗುವುದಿಲ್ಲ. ರಕ್ತ, ಜೋರು ಜ್ವರ ಇದ್ದರೆ ಕಾರಣ ಬೇರೆ ಇರಬಹುದು, ಆಗ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

ಈ ಹಂತದಲ್ಲಿ ಅನೇಕ ಮನೆಗಳಲ್ಲಿ “ಜಂತುಹುಳ ಇರಬೇಕು” ಎಂದು ಆಲ್ಬೆಂಡಜೋಲ್ ಮಾತ್ರೆ ಒಂದನ್ನು ಕೊಟ್ಟು ಕಾಯುತ್ತಾರೆ. ಶಾಲೆಯಲ್ಲಿ, ಅಂಗನವಾಡಿಯಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವುದೂ ಇದೇ ಮಾತ್ರೆ. ದುಂಡುಹುಳ, ಕೊಕ್ಕೆಹುಳಕ್ಕೆ ಒಂದು ಸಲ ಕೊಡುವುದು ಸರಿ. ಜಿಯಾರ್ಡಿಯಾಕ್ಕೆ ಇದು ಸಾಲದು, ಅದಕ್ಕೆ ಕೊಡುವುದಿದ್ದರೆ ಐದು ದಿನ ಸತತವಾಗಿ ಕೊಡಬೇಕು. ಒಂದು ಮಾತ್ರೆ ನುಂಗಿಸಿ “ಹುಳದ ಔಷಧಿ ಆಯ್ತಲ್ಲ” ಎಂದು ಸುಮ್ಮನಾದ ಮನೆಗಳಲ್ಲಿ ಮಗು ತಿಂಗಳುಗಟ್ಟಲೆ ಸೊರಗುತ್ತದೆ.

ಮಲ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಆದರೆ ಒಂದೇ ಮಾದರಿಯಲ್ಲಿ “ಏನೂ ಕಾಣಲಿಲ್ಲ” ಎಂದು ಬಂದರೆ ಅದನ್ನು ಕೊನೆಯ ಮಾತೆಂದು ತಿಳಿಯಬಾರದು. ಸಿಸ್ಟ್‌ಗಳು ದಿನವೂ ಹೊರಬರುವುದಿಲ್ಲ. ಇವತ್ತು ಸಾವಿರಾರು ಇದ್ದದ್ದು ನಾಳೆ ಇಲ್ಲದಿರಬಹುದು. ಅದಕ್ಕೇ ಬೇರೆ ಬೇರೆ ದಿನದ ಮೂರು ಮಾದರಿಗಳನ್ನು ಕೇಳುತ್ತಾರೆ. ಒಣಗಿದ, ಸ್ವಚ್ಛ ಡಬ್ಬಿಯಲ್ಲಿ, ನೀರು ಮತ್ತು ಮೂತ್ರ ಬೆರೆಯದಂತೆ ಹಿಡಿದು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ನೀರಾದ ಮಲದಲ್ಲಿರುವ ಸಕ್ರಿಯ ರೂಪ ಹೊರಗೆ ಬಹಳ ಹೊತ್ತು ಉಳಿಯುವುದಿಲ್ಲ. ದೊಡ್ಡ ಊರುಗಳ ಲ್ಯಾಬುಗಳಲ್ಲಿ ಜಿಯಾರ್ಡಿಯಾ ಆಂಟಿಜನ್ ಪರೀಕ್ಷೆ ಸಿಗುತ್ತದೆ. ಅದು ಸೂಕ್ಷ್ಮದರ್ಶಕದ ಕಣ್ಣಿಗೆ ತಪ್ಪಿದ್ದನ್ನೂ ಹಿಡಿಯಬಲ್ಲದು.

ನಮ್ಮ ಉದಾಹರಣೆಯ ಹುಡುಗಿಗೆ ಎರಡನೇ ಮಾದರಿಯಲ್ಲಿ ಸಿಸ್ಟ್ ಕಂಡವು. ಈಗ ಔಷಧಿಯ ಲೆಕ್ಕ. ಮೂರು ವರ್ಷ ದಾಟಿದ ಮಕ್ಕಳಿಗೆ ಟಿನಿಡಜೋಲ್ ಕೆ.ಜಿ.ಗೆ 50 ಮಿಲಿಗ್ರಾಂನಂತೆ ಒಂದೇ ಒಂದು ಸಲ. ಮಗು ಎಷ್ಟೇ ತೂಕವಿದ್ದರೂ 2 ಗ್ರಾಂ ಮೀರಬಾರದು. 20 ಕೆ.ಜಿ. ಹುಡುಗಿಗೆ 1000 ಮಿಲಿಗ್ರಾಂ, ಅಂದರೆ 500ರ ಎರಡು ಮಾತ್ರೆ, ಊಟದ ಜೊತೆಗೆ, ಒಟ್ಟಿಗೇ. ಅಲ್ಲಿಗೆ ಮುಗಿಯಿತು. ಐದಾರು ದಿನ ದಿನಕ್ಕೆ ಮೂರು ಹೊತ್ತು ಕಹಿ ಔಷಧಿ ಕುಡಿಸುವ ಕಷ್ಟ ತಿಳಿದವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂದು ಬಿಡಿಸಿ ಹೇಳಬೇಕಿಲ್ಲ. ಮಗುವಿನ ವಯಸ್ಸು ಮತ್ತು ಆರೋಗ್ಯ ಒಪ್ಪುವುದಾದರೆ ಟಿನಿಡಜೋಲೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರ ಗುಣದಲ್ಲಿ ಅರ್ಧದಷ್ಟು, ಅರ್ಧಕ್ಕೆ ಬಿಟ್ಟುಬಿಡುವ ಅವಕಾಶವೇ ಇಲ್ಲದಿರುವುದರಿಂದ ಬಂದದ್ದು.

ಮಾತ್ರೆ ಕಹಿ. ಪುಡಿ ಮಾಡಿ ಜೇನುತುಪ್ಪದಲ್ಲೋ ಬೆಲ್ಲದ ಪಾಕದಲ್ಲೋ ಕಲಸಿ, ಎರಡು ಮೂರು ಚಮಚೆಯಲ್ಲಿ ಮುಗಿಯುವಷ್ಟೇ ಮಾಡಿ ಕೊಡಬಹುದು. ದೊಡ್ಡ ಲೋಟ ಹಾಲಿಗೆ ಬೆರೆಸಿದರೆ ಮಗು ಅರ್ಧ ಕುಡಿದು ಬಿಡುತ್ತದೆ, ಆಮೇಲೆ ಎಷ್ಟು ಹೋಯಿತೆಂದು ಯಾರಿಗೂ ತಿಳಿಯದು. ಕೊಟ್ಟ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಒಂದೇ ಡೋಸಿನ ಈ ಚಿಕಿತ್ಸೆಯಲ್ಲಿ ಎಲ್ಲವೂ ಹೋದಂತೆ. ವಾಂತಿಯಾದ ಹೊತ್ತನ್ನು ಬರೆದುಕೊಂಡು ಕೂಡಲೇ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳಿದರೆ ಮಾತ್ರ ಮತ್ತೆ ಕೊಡಬೇಕು. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಒಂದೆರಡು ದಿನ ಇರಬಹುದು, ಅದಕ್ಕೆ ಹೆದರಬೇಕಿಲ್ಲ.

ತಮ್ಮನಿಗೂ ಭೇದಿ ಇತ್ತು, ಅವನ ಮಲದಲ್ಲೂ ಸಿಸ್ಟ್ ಸಿಕ್ಕಿತು ಎಂದುಕೊಳ್ಳೋಣ. ಅವನಿಗೆ ಇನ್ನೂ ಮೂರು ತುಂಬಿಲ್ಲ. ಇಂಥ ಮಕ್ಕಳಿಗೆ ಸಾಮಾನ್ಯವಾಗಿ ಬರೆಯುವುದು ಮೆಟ್ರೊನಿಡಜೋಲ್, ಕೆ.ಜಿ.ಗೆ ದಿನಕ್ಕೆ 15 ಮಿಲಿಗ್ರಾಂ, ಅದನ್ನು ಮೂರು ಪಾಲು ಮಾಡಿ, ಐದರಿಂದ ಏಳು ದಿನ. 10 ಕೆ.ಜಿ.ಗೆ ದಿನಕ್ಕೆ 150, ಹೊತ್ತಿಗೆ 50 ಮಿಲಿಗ್ರಾಂ. ಇಲ್ಲಿಂದ ಮುಂದೆ ಎಚ್ಚರ ಬೇಕು. ಅಂಗಡಿಯಲ್ಲಿ ಮೆಟ್ರೊನಿಡಜೋಲ್ ಸಿರಪ್ಪು ಒಂದಕ್ಕಿಂತ ಹೆಚ್ಚು ಸಾಂದ್ರತೆಯಲ್ಲಿ ಸಿಗುತ್ತದೆ. 5 ಮಿಲಿಯಲ್ಲಿ 200 ಮಿಲಿಗ್ರಾಂ ಇರುವ ಬಾಟಲಿಯಾದರೆ ಈ ಮಗುವಿಗೆ ಹೊತ್ತಿಗೆ ಒಂದೂಕಾಲು ಮಿಲಿ. 5 ಮಿಲಿಯಲ್ಲಿ 100 ಇರುವುದಾದರೆ ಎರಡೂವರೆ ಮಿಲಿ. “ಅರ್ಧ ಚಮಚೆ ಮೂರು ಹೊತ್ತು” ಎಂಬ ಬಾಯಿಮಾತನ್ನು ನೆನಪಿಟ್ಟುಕೊಂಡು ಬಾಟಲಿ ಬದಲಾದಾಗ ಹಾಗೇ ಕೊಟ್ಟರೆ ಡೋಸು ದುಪ್ಪಟ್ಟಾಗುತ್ತದೆ, ಇಲ್ಲವೇ ಅರ್ಧಕ್ಕಿಳಿಯುತ್ತದೆ. ಅಡುಗೆಮನೆಯ ಚಮಚೆ ಬಿಟ್ಟು ಮಿಲಿ ಗುರುತಿರುವ ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಬೇಕು. ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಬೇಕು, ಏಕೆಂದರೆ ಔಷಧಿ ತಳಕ್ಕೆ ಇಳಿದಿರುತ್ತದೆ. ಅಲ್ಲಾಡಿಸದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಹೋಗುವುದು ಬರೀ ಸಿಹಿನೀರು. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದು ಔಷಧಿಯಿಂದಲೇ. ಮೈ ಮೇಲೆ ದದ್ದು, ಕೈಕಾಲು ಜೋಮು, ಫಿಟ್ಸ್ ಇವು ಕಂಡರೆ ಮಾತ್ರ ಔಷಧಿ ನಿಲ್ಲಿಸಿ ಓಡಬೇಕು.

ಮೂರನೆಯ ದಿನಕ್ಕೆ ಭೇದಿ ನಿಂತಿತೆಂದು ಮೆಟ್ರೊನಿಡಜೋಲ್ ನಿಲ್ಲಿಸುವವರು ಬಹಳ. ಭೇದಿ ನಿಂತದ್ದು ಸಂಖ್ಯೆ ಇಳಿದದ್ದರ ಗುರುತಷ್ಟೇ. ಕರುಳಿನ ಗೋಡೆಗೆ ಕಚ್ಚಿಕೊಂಡು ಉಳಿದವು ಮತ್ತೆ ಹೆಚ್ಚುವುದಕ್ಕೆ ಬಹಳ ದಿನ ಬೇಕಿಲ್ಲ. ಇನ್ನೊಂದು ಮಾತು. ಭೇದಿ ಎಂದ ಕೂಡಲೇ ಔಷಧಿ ಅಂಗಡಿಯಲ್ಲಿ ನಾರ್‌ಫ್ಲಾಕ್ಸಸಿನ್ ಜೊತೆ ಟಿನಿಡಜೋಲ್, ಓಫ್ಲಾಕ್ಸಸಿನ್ ಜೊತೆ ಆರ್ನಿಡಜೋಲ್ ಬೆರೆಸಿದ ಮಾತ್ರೆ, ಸಿರಪ್ಪು ಕೈಗೆ ಬರುತ್ತವೆ. ಜಿಯಾರ್ಡಿಯಾಕ್ಕೆ ಅದರಲ್ಲಿನ ಆಂಟಿಬಯಾಟಿಕ್ಕಿನಿಂದ ಏನೂ ಪ್ರಯೋಜನವಿಲ್ಲ. ಬೆರಕೆಯಲ್ಲಿ ಟಿನಿಡಜೋಲ್ ಪ್ರಮಾಣವೂ ಮಗುವಿನ ತೂಕಕ್ಕೆ ಹೊಂದುವುದಿಲ್ಲ. ಮಕ್ಕಳಿಗೆ ಇವನ್ನು ಅಂಗಡಿಯಿಂದ ತಂದು ಕೊಡಲೇಬಾರದು.

ಇಷ್ಟು ಮಾಡಿ, ಹುಡುಗಿಯ ಮಾತ್ರೆ ಭಾನುವಾರ ರಾತ್ರಿ ಊಟದ ಜೊತೆಗೇ ಆಯಿತು. ಆ ರಾತ್ರಿಯೂ, ಮುಂದಿನ ಕೆಲವು ದಿನವೂ ಮಲದಲ್ಲಿ ಸಿಸ್ಟ್ ಹೊರಬರುತ್ತಲೇ ಇರುತ್ತವೆ. ಮೊದಲೇ ಹೊರಬಂದವು ಮನೆಯಲ್ಲಿ ಕಾದಿರುತ್ತವೆ. ಈ ಮನೆಯಲ್ಲಿ ಅವು ಎಲ್ಲಿವೆ? ಪುಟ್ಟವನು ಕಕ್ಕ ಮಾಡಿದಾಗ ಅಜ್ಜಿ ಏನು ಮಾಡುತ್ತಾರೆ ಎಂದು ಒಮ್ಮೆ ನಿಂತು ನೋಡಿದರೆ ತಿಳಿಯುತ್ತದೆ. ಎಡಗೈಯಲ್ಲಿ ಮಗುವನ್ನು ತೊಳೆಯುತ್ತಾರೆ. ಅದೇ ಒದ್ದೆ ಕೈಯಲ್ಲಿ ಮಗ್ಗಿನ ಹಿಡಿ ಹಿಡಿದು ಬಕೆಟ್ಟಿನಲ್ಲಿ ಅದ್ದುತ್ತಾರೆ. ಬೆರಳು ನೀರಿಗೆ ತಾಗುತ್ತದೆ. ಕೆಲಸವಾದ ಮೇಲೆ ಆ ಬಕೆಟ್ಟಿನ ನೀರಿನಲ್ಲೇ ಕೈ ತೊಳೆಯುತ್ತಾರೆ, ಸೋಪು ಹಾಕಿದರೂ ಅದನ್ನು ತೊಳೆಯುವುದು ಅದೇ ನೀರಿನಲ್ಲಿ. ಹುಡುಗಿ ಶಾಲೆಯಿಂದ ಬಂದು ಅದೇ ಬಕೆಟ್ಟಿನಲ್ಲಿ ಮುಖ ತೊಳೆದು ಬಾಯಿ ಮುಕ್ಕಳಿಸುತ್ತಾಳೆ. ಹತ್ತು ಸಿಸ್ಟ್ ಸಾಕು ಎಂಬ ಲೆಕ್ಕವನ್ನು ಇಲ್ಲಿ ಇಟ್ಟು ನೋಡಿ.

ಆದ್ದರಿಂದ ಮೊದಲು ಬದಲಾಗಬೇಕಾದದ್ದು ಈ ಒಂದು ಕ್ರಮ. ಕಕ್ಕಸಿಗೆ ಬೇರೆ ಬಕೆಟ್ಟು, ಬೇರೆ ಮಗ್ಗು. ಮಗುವನ್ನು ತೊಳೆಯುವಾಗ ಇನ್ನೊಬ್ಬರು ನೀರು ಹುಯ್ಯುವುದು, ಒಬ್ಬರೇ ಇದ್ದರೆ ಬಲಗೈ ಮಾತ್ರ ಮಗ್ಗು ಮುಟ್ಟುವುದು. ಆಮೇಲೆ ನಲ್ಲಿಯಿಂದ ಅಥವಾ ಚೊಂಬಿನಿಂದ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಉಗುರಿನ ಸಂದಿಯವರೆಗೆ ಉಜ್ಜಿ ತೊಳೆಯುವುದು. ತೊಳೆಸಿಕೊಂಡ ಮಗುವಿನ ಕೈಯನ್ನೂ ತೊಳೆಯಬೇಕು, ಅದು ಈ ಹೊತ್ತಿಗೆ ಎಲ್ಲೆಲ್ಲೋ ಮುಟ್ಟಿರುತ್ತದೆ. ಎಲ್ಲರ ಉಗುರನ್ನೂ ಗಿಡ್ಡ ಕತ್ತರಿಸಬೇಕು. ಸ್ಯಾನಿಟೈಸರ್ ಹಚ್ಚಿಕೊಂಡರೆ ಸಾಲದು, ಆಲ್ಕೋಹಾಲು ಸಿಸ್ಟಿನ ಕವಚವನ್ನು ಭೇದಿಸುತ್ತದೆಂದು ನಂಬುವಂತಿಲ್ಲ. ಸೋಪು ಸಿಸ್ಟನ್ನು ಕೊಲ್ಲುವುದಿಲ್ಲವಾದರೂ ಚರ್ಮದಿಂದ ಬಿಡಿಸಿ ನೀರಿನ ಜೊತೆ ಕಳಿಸುತ್ತದೆ, ನಮಗೆ ಬೇಕಾದದ್ದು ಅಷ್ಟೇ.

ಸಿಸ್ಟಿಗೆ ಎರಡು ಶತ್ರುಗಳಿವೆ: ಬಿಸಿ ಮತ್ತು ಒಣಗು. ಅದನ್ನು ತಿಳಿದುಕೊಂಡರೆ ಮನೆ ಶುಚಿ ಮಾಡಲು ದುಬಾರಿ ದ್ರಾವಣ ಬೇಕಾಗುವುದಿಲ್ಲ. ಔಷಧಿ ಕೊಟ್ಟ ಮಾರನೇ ಬೆಳಿಗ್ಗೆ ಮಕ್ಕಳ ಚಡ್ಡಿ, ಬಟ್ಟೆಯ ಲಂಗೋಟಿ, ಹಾಸಿಗೆಯ ಬಟ್ಟೆ, ಟವೆಲುಗಳನ್ನು ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸುವುದು. ಮಗ್ಗು, ಮಗುವಿನ ಪಾಟಿ ತೊಳೆದು ಕುದಿಯುವ ನೀರು ಹುಯ್ದು ಬೋರಲು ಹಾಕುವುದು. ಬಚ್ಚಲಿನ ನೆಲ ಸೋಪಿನಲ್ಲಿ ಉಜ್ಜಿ, ನೀರು ನಿಲ್ಲದಂತೆ ಎಳೆದು, ಒಣಗಲು ಬಿಡುವುದು. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನ ಕಡೆ, ಈ ಒಣಗುವ ಕೆಲಸವೇ ಕಷ್ಟ. ಅಲ್ಲಿ ಬಟ್ಟೆಗೆ ಕುದಿಯುವ ನೀರನ್ನೇ ನಂಬಬೇಕು. ಈ ಕೆಲಸವನ್ನು ಒಂದು ಸಲ ಮಾಡಿ ಬಿಟ್ಟರೆ ಸಾಲದು, ಮಕ್ಕಳ ಭೇದಿ ನಿಂತ ಮೇಲೂ ಒಂದೆರಡು ವಾರ ನಡೆಯಬೇಕು.

ಕುಡಿಯುವ ನೀರಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಲವಾಗಿ ಬೇರೂರಿದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾರೆ, ಇನ್ನೇನು ಭಯ ಎನ್ನುತ್ತಾರೆ. ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿ ಕೊಲ್ಲುತ್ತದೆ, ಜಿಯಾರ್ಡಿಯಾ ಸಿಸ್ಟ್‌ಗಳು ಅದನ್ನು ಬಹಳ ಹೊತ್ತು ತಡೆದುಕೊಳ್ಳುತ್ತವೆ. ಕುದಿಸಿದ ನೀರಿಗೆ ಸಮನಾದದ್ದು ಇಲ್ಲ. ಗುಳ್ಳೆ ಎದ್ದು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಸಾಕು, ಅರ್ಧ ಗಂಟೆ ಗ್ಯಾಸು ಸುಡುವ ಅಗತ್ಯವಿಲ್ಲ. ಆರ್‌ಓ ಯಂತ್ರ ಸುಸ್ಥಿತಿಯಲ್ಲಿದ್ದರೆ ಅದೂ ಸಿಸ್ಟನ್ನು ತಡೆಯುತ್ತದೆ. ಆದರೆ ಕುದಿಸಿದ ನೀರನ್ನು ತಪ್ಪಲೆಯಲ್ಲಿಟ್ಟು, ಬಂದವರೆಲ್ಲ ಲೋಟ ಅದ್ದಿ ಬೆರಳು ಮುಳುಗಿಸಿ ತೆಗೆದರೆ ಕುದಿಸಿದ್ದು ದಂಡ. ನಲ್ಲಿ ಇರುವ ಡ್ರಮ್ಮು, ಇಲ್ಲವೇ ಉದ್ದ ಹಿಡಿಯ ಸೌಟು, ಮೇಲೆ ಮುಚ್ಚಳ ಇರಲಿ. ಹಸಿಯಾಗಿ ತಿನ್ನುವ ಸೌತೆಕಾಯಿ, ಕ್ಯಾರೆಟ್ಟು, ಕೊತ್ತಂಬರಿ ಸೊಪ್ಪನ್ನು ಈ ನೀರಿನಲ್ಲೇ ತೊಳೆಯಬೇಕು. ಕೊಸಂಬರಿಗೆ ನೆನೆಹಾಕುವ ಹೆಸರುಬೇಳೆಗೂ ಇದೇ ನೀರು. ಭೇದಿ ನಿಲ್ಲುವವರೆಗೆ ಪುಟ್ಟವನನ್ನು ಅಂಗನವಾಡಿಗೆ ಕಳಿಸಬಾರದು, ಮಕ್ಕಳನ್ನು ಈಜುಕೊಳಕ್ಕೆ ಇಳಿಸಬಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಭೇದಿ ಮತ್ತೆ ಬಂತು. ಏಕೆ? ಕಾರಣಗಳು ಮುಖ್ಯವಾಗಿ ಮೂರು, ಪ್ರತಿಯೊಂದಕ್ಕೂ ದಾರಿ ಬೇರೆ. ಇಲ್ಲಿ ಕ್ಯಾಲೆಂಡರು ನೋಡುವುದರಿಂದ ಬಹಳ ಸಹಾಯವಾಗುತ್ತದೆ. ಔಷಧಿ ಕೊಟ್ಟ ಮೇಲೆ ಮಗು ಪೂರ್ತಿ ಸುಧಾರಿಸಲೇ ಇಲ್ಲ, ಅಥವಾ ವಾರದೊಳಗೆ ಹಳೆಯದೇ ಲಕ್ಷಣ ಮರಳಿತು ಎಂದಾದರೆ ಔಷಧಿ ಕೆಲಸ ಮಾಡಿಲ್ಲವೆಂದು ಶಂಕಿಸಬೇಕು. ಚೆನ್ನಾಗಿ ಸುಧಾರಿಸಿ, ಎರಡು ಮೂರು ವಾರ ಹಾಯಾಗಿದ್ದು, ಆಮೇಲೆ ಶುರುವಾದರೆ ಹೊಸ ಸೋಂಕಿನ ಸಾಧ್ಯತೆ ಹೆಚ್ಚು. ಸಿಸ್ಟ್ ನುಂಗಿದ ಮೇಲೆ ಲಕ್ಷಣ ಕಾಣಲು ಒಂದರಿಂದ ಎರಡು ವಾರ ಬೇಕಾಗುತ್ತದೆ. ಮೂರನೆಯದು ಹಾಲು. ಸೋಂಕು ಹೋದರೂ ಹಾಲಿನ ಸಕ್ಕರೆ ಜೀರ್ಣಿಸುವ ಶಕ್ತಿ ಕರುಳಿಗೆ ಮರಳಲು ಕೆಲವು ವಾರ ಹಿಡಿಯಬಹುದು. ಹಾಲು ಕುಡಿದ ಒಂದೆರಡು ಗಂಟೆಯಲ್ಲಿ ಹೊಟ್ಟೆ ಗುಡುಗುಡು, ನೊರೆನೊರೆಯ, ಹುಳಿ ವಾಸನೆಯ ನೀರು ಭೇದಿ, ಕೂರುವ ಜಾಗ ಕೆಂಪಾಗುವುದು ಇವು ಅದರ ಗುರುತು. ಎರಡು ವಾರ ಹಾಲು ನಿಲ್ಲಿಸಿ ನೋಡಿ, ಮೊಸರು ಸಾಮಾನ್ಯವಾಗಿ ಒಗ್ಗುತ್ತದೆ. ಎದೆಹಾಲು ಕುಡಿಯುವ ಕೂಸಿಗೆ ಮಾತ್ರ ಅದನ್ನು ನಿಲ್ಲಿಸಬಾರದು. ಈ ಮೂರನೆಯ ಕಾರಣ ತಿಳಿಯದೆ ಮಗುವಿಗೆ ಎರಡನೇ, ಮೂರನೇ ಕೋರ್ಸು ಮೆಟ್ರೊನಿಡಜೋಲ್ ಕೊಡುವುದು ನನಗೆ ಬಹಳ ನೋವಿನ ವಿಷಯ.

ನಮ್ಮ ಹುಡುಗಿಗೆ ಮರಳಿದ್ದು ಇಪ್ಪತ್ತನೇ ದಿನ. ಮಲದಲ್ಲಿ ಮತ್ತೆ ಸಿಸ್ಟ್. ಅವಳು ಹಾಯಾಗಿದ್ದ ದಿನಗಳನ್ನು ಲೆಕ್ಕ ಹಾಕಿದರೆ ಮನೆಯ ಒಳಗಿನಿಂದಲೇ ಬಂದ ಹೊಸ ಸೋಂಕೆಂದು ಕಾಣುತ್ತದೆ. ಈಗ ಮನೆಯ ಎಲ್ಲರ ಮಲ ಪರೀಕ್ಷೆ ಆಗಬೇಕು. ಲಕ್ಷಣವೇ ಇಲ್ಲದವರ ಪರೀಕ್ಷೆ ಮೊದಲ ಸಲಕ್ಕೆ ಬೇಕಿಲ್ಲ, ಪದೇ ಪದೇ ಬಂದಾಗ ಬೇಕು. ಅಜ್ಜಿಗೆ ಹೊಟ್ಟೆನೋವಿಲ್ಲ, ಭೇದಿಯಿಲ್ಲ, ಆದರೂ ಸಿಸ್ಟ್ ಸಿಕ್ಕಿತು. “ನಂಗೇನೂ ಆಗಿಲ್ಲ ಕಣಮ್ಮ, ಔಷಧಿ ಯಾಕೆ” ಎಂದು ಅವರು ಕೇಳುವುದು ಸಹಜ. ಮನೆಯ ಅಡುಗೆಯೂ ಪುಟ್ಟವನನ್ನು ತೊಳೆಯುವುದೂ ಅವರದೇ ಕೈ ಎಂಬುದೇ ಉತ್ತರ. ಸೋಂಕು ಕಂಡವರೆಲ್ಲರೂ ಒಂದೇ ದಿನ ಔಷಧಿ ಶುರು ಮಾಡಬೇಕು. ಒಬ್ಬರು ಈ ವಾರ, ಇನ್ನೊಬ್ಬರು ಮುಂದಿನ ವಾರ ಎಂದಾದರೆ ಸೋಂಕು ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ದೊಡ್ಡವರಿಗೆ ಟಿನಿಡಜೋಲ್ 2 ಗ್ರಾಂ, ಅಂದರೆ 500ರ ನಾಲ್ಕು ಮಾತ್ರೆ, ಊಟದ ಜೊತೆ ಒಂದೇ ಸಲ. ಅದಾದ ಮೇಲೆ ಮೂರು ದಿನ ಮದ್ಯ ಮುಟ್ಟಬಾರದು. ರಕ್ತ ತೆಳುವಾಗಿಸುವ ಮಾತ್ರೆ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರಿಗೆ ಹೇಳಬೇಕು. ಬಸುರಿಯರು, ಹಾಲೂಡಿಸುವವರು ತಾವಾಗಿ ಈ ಮಾತ್ರೆ ನುಂಗಲೇಬಾರದು, ಅವರಿಗೆ ವೈದ್ಯರು ಬೇರೆ ದಾರಿ ನೋಡುತ್ತಾರೆ.

ಹಾಗಾದರೆ ಎಲ್ಲ ಮಕ್ಕಳಿಗೂ ಮೊದಲೇ ಔಷಧಿ ಕೊಟ್ಟುಬಿಡಬಾರದೇಕೆ? ಪೆರು ದೇಶದ ಲಿಮಾ ನಗರದ ಅಂಚಿನ ಬಡಾವಣೆಯೊಂದರಲ್ಲಿ ಜಿಯಾರ್ಡಿಯಾ ಇದ್ದ ಮಕ್ಕಳಿಗೆ ಚಿಕಿತ್ಸೆ ಕೊಟ್ಟು ಗಮನಿಸಿದ ಅಧ್ಯಯನ 1988ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ನೂರಕ್ಕೆ 98 ಮಕ್ಕಳಿಗೆ ಸೋಂಕು ಮರಳಿತ್ತು. ನೀರು, ಕಕ್ಕಸು, ಕೈ ತೊಳೆಯುವುದು ಬದಲಾಗದ ಕಡೆ ಲಕ್ಷಣವಿಲ್ಲದವರಿಗೆ ಔಷಧಿ ಹಂಚಿ ಪ್ರಯೋಜನವಿಲ್ಲ.

ಔಷಧಿಯೇ ನಾಟದ ಪ್ರಕರಣಗಳೂ ಇವೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಲಂಡನ್ನಿನ ಉಷ್ಣವಲಯ ರೋಗಗಳ ಆಸ್ಪತ್ರೆಯ ವೈದ್ಯರು 2008ರಿಂದ 2013ರವರೆಗಿನ ತಮ್ಮ ರೋಗಿಗಳನ್ನು ನೋಡಿದಾಗ ಈ ಜಾತಿಯ ಔಷಧಿಗೆ ಜಗ್ಗದವರ ಪಾಲು ವರ್ಷದಿಂದ ವರ್ಷಕ್ಕೆ ಏರಿತ್ತು. ಅವರಲ್ಲಿ ಹೆಚ್ಚಿನವರು ಸೋಂಕು ತಗುಲಿಸಿಕೊಂಡದ್ದು ಭಾರತದಲ್ಲಿ. ಟಿನಿಡಜೋಲ್ ಮತ್ತು ಮೆಟ್ರೊನಿಡಜೋಲ್ ಒಂದೇ ಕುಟುಂಬದ ಔಷಧಿಗಳು. ಹಾಗಾಗಿ ಸರಿಯಾದ ಡೋಸು ಪೂರ್ತಿ ಹೋಗಿದ್ದೂ ಮಗು ಸುಧಾರಿಸದಿದ್ದರೆ ಒಂದರ ಬದಲು ಇನ್ನೊಂದನ್ನು ಕೊಡುತ್ತಾ ಹೋಗುವುದಕ್ಕಿಂತ ಬೇರೆ ಕುಟುಂಬದ ನಿಟಾಜೊಕ್ಸನೈಡ್‌ಗೆ, ಅಥವಾ ಆಲ್ಬೆಂಡಜೋಲ್ ಜೊತೆಗೂಡಿಸಿದ ಚಿಕಿತ್ಸೆಗೆ ಹೋಗುವುದು ಉತ್ತಮ. ನಿಟಾಜೊಕ್ಸನೈಡ್ ಒಂದು ವರ್ಷ ದಾಟಿದ ಮಕ್ಕಳಿಗೆ ಮೂರು ದಿನದ ಸಿರಪ್ಪಾಗಿ ಕೊಡಬಹುದಾದ ಔಷಧಿ. ಇದನ್ನು ತೀರ್ಮಾನಿಸುವ ವೈದ್ಯರಿಗೆ ಮೂರು ಸಂಗತಿ ಬೇಕು: ಔಷಧಿ ಕೊಟ್ಟ ತಾರೀಖು ಮತ್ತು ಪ್ರಮಾಣ, ಮಗು ಪೂರ್ತಿ ಹಾಯಾಗಿದ್ದ ದಿನಗಳು, ಮನೆಯಲ್ಲಿ ಇನ್ಯಾರಿಗೆ ಭೇದಿ ಇತ್ತು ಎಂಬುದು. ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಹೋದರೆ ಸಾಕು. ಲಕ್ಷಣ ಹೋಗಿ ಮಗು ಉಂಡು ಆಡಿಕೊಂಡು ತೂಕ ಏರಿಸಿಕೊಳ್ಳುತ್ತಿದ್ದರೆ ಮತ್ತೆ ಮಲ ಪರೀಕ್ಷೆ ಮಾಡಿಸಬೇಕಿಲ್ಲ.